ನೂರ ಎರಡನೇ ದಿನ ವಾಪಸಾದ ಹಣ

ಇಳಕಲ್ ಸೀರೆಯನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾರುವ ಅಕ್ಕ ಒಬ್ಬರಿದ್ದಾರೆ. ಅವರ ಲೆಕ್ಕಪತ್ರ ನೋಡುವವನು ನಾನು. ಕಳೆದ ಏಪ್ರಿಲ್ 22ರ ಬೆಳಿಗ್ಗೆ ಅವರು ಫೋನ್ ಮಾಡಿದಾಗ ದನಿಯಲ್ಲಿ ಗಾಬರಿ ಇತ್ತು. "ಸರ, ಜನವರಿದಾಗ ಅಮೇರಿಕಾಕ್ಕ ಐದು ಸೀರಿ ಕಳಿಸಿದ್ದೆ ನೋಡ್ರಿ, ಆ ರೊಕ್ಕ ವಾಪಸ್ ತಗೊಂಡಾರ್ರೀ. ಸೀರೀನೂ ಹೋದ್ವು, ರೊಕ್ಕಾನೂ ಹೋತು, ಮ್ಯಾಲೆ ದಂಡ ಬ್ಯಾರೆ ಹಾಕ್ಯಾರ."

ಆ ಆರ್ಡರ್ ನನಗೆ ನೆನಪಿತ್ತು. ಜನವರಿ 10ರಂದು ಬಂದದ್ದು. ರೇಷ್ಮೆಯ ಐದು ಸೀರೆ, ಒಂದೊಂದಕ್ಕೆ 9,600ರಂತೆ 48,000 ರೂಪಾಯಿ. ಅಮೆರಿಕದ ಕ್ರೆಡಿಟ್ ಕಾರ್ಡಿನಿಂದ ಹಣ ಬಂದಿತ್ತು, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣದಲ್ಲಿ Captured ಎಂದು ಕಂಡಿತ್ತು, ಒಂದು ವಾರದೊಳಗೆ ಶುಲ್ಕ ಮುರಿದುಕೊಂಡು ಬಾಕಿ ಹಣ ಅವರ ಬ್ಯಾಂಕ್ ಖಾತೆಗೆ ಜಮಾ ಆಗಿತ್ತು. ಪಾರ್ಸಲ್ ತಲುಪಿ, ಕೊರಿಯರ್‌ನವರ ಬಳಿ ಸಹಿಯೂ ಆಗಿತ್ತು. ವ್ಯಾಪಾರ ಮುಗಿಯಿತು ಎಂದು ಆ ಲೆಕ್ಕವನ್ನು ನಾವಿಬ್ಬರೂ ಮುಚ್ಚಿದ್ದೆವು. ನೂರ ಎರಡು ದಿನ ಕಳೆದ ಮೇಲೆ ಅದೇ ಸಾಲಿನಲ್ಲಿ ಕೆಂಪು ಬಣ್ಣದಲ್ಲಿ Chargeback ಎಂಬ ಪದ ಕಾಣಿಸಿಕೊಂಡಿತು.

ಕೌಂಟರಿನಲ್ಲಿ ನೋಟು ಎಣಿಸಿಕೊಂಡವನಿಗೆ ಈ ಭಯವಿಲ್ಲ. ಆನ್‌ಲೈನ್‌ನಲ್ಲಿ ಹಾಗಲ್ಲ, ಖಾತೆಗೆ ಬಂದ ಹಣ ಇನ್ನೂ ಕೆಲವು ತಿಂಗಳು ಪೂರ್ತಿಯಾಗಿ ನಮ್ಮದಲ್ಲ. ಅದು ಯಾಕೆ ಹಾಗೆ ಎಂಬುದನ್ನು ಅಕ್ಕನಿಗೆ ವಿವರಿಸಲು ನನಗೆ ಒಂದಿಡೀ ಮಧ್ಯಾಹ್ನ ಹಿಡಿಯಿತು.

ಮೊದಲು ಹಣ ಬಂದ ದಾರಿ ನೋಡೋಣ. ಹಿಂದೆಲ್ಲ ಕಾರ್ಡಿನ ಹಣ ಪಡೆಯಬೇಕಾದರೆ ವ್ಯಾಪಾರಿ ನೇರವಾಗಿ ಬ್ಯಾಂಕಿನಲ್ಲಿ ಮರ್ಚೆಂಟ್ ಅಕೌಂಟ್ ತೆರೆಯಬೇಕಿತ್ತು. ಇದು ಉಳಿತಾಯ ಖಾತೆಯಂಥದ್ದಲ್ಲ. ಈ ವ್ಯಾಪಾರಿಯ ಪರವಾಗಿ ಕಾರ್ಡಿನ ಹಣ ತರಿಸಿಕೊಡುತ್ತೇನೆ, ಏನಾದರೂ ತಕರಾರು ಬಂದರೆ ಆ ಹಣ ಹಿಂದಿರುಗಿಸಲು ನಾನು ಹೊಣೆ ಎಂದು ಬ್ಯಾಂಕು ಕಾರ್ಡ್ ಕಂಪನಿಗೆ ಕೊಡುವ ಮಾತು ಅದು. ಒಂದು ಲೆಕ್ಕದಲ್ಲಿ ಜಾಮೀನು. ಜಾಮೀನು ನಿಲ್ಲುವವರು ಆಳು ನೋಡಿಯೇ ನಿಲ್ಲುತ್ತಾರೆ, ಹಾಗಾಗಿ ಮನೆಯ ಪಡಸಾಲೆಯಲ್ಲಿ ಸೀರೆ ಮಾರುವವರಿಗೆ ಬ್ಯಾಂಕುಗಳು ಅದನ್ನು ಸುಲಭಕ್ಕೆ ಕೊಡುತ್ತಿರಲಿಲ್ಲ. ಆ ಜಾಗಕ್ಕೆ ಬಂದವರು ಪೇಮೆಂಟ್ ಅಗ್ರಿಗೇಟರ್‌ಗಳು. ಸಾವಿರಾರು ಸಣ್ಣ ವ್ಯಾಪಾರಿಗಳನ್ನು ಒಂದೇ ಕೊಡೆಯ ಕೆಳಗೆ ತಂದು, ಬ್ಯಾಂಕಿನ ಎದುರು ತಾವು ನಿಂತು, ಹಣ ಪಡೆದು, ಆಮೇಲೆ ಅವರವರ ಪಾಲನ್ನು ಅವರವರಿಗೆ ಹಂಚುವುದು ಇವರ ಕೆಲಸ.

ಇನ್ನೊಬ್ಬರ ಹಣವನ್ನು ಒಂದೆರಡು ದಿನವಾದರೂ ಕೈಯಲ್ಲಿ ಹಿಡಿಯುವವರಾದ್ದರಿಂದ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರಂದು ಇವರಿಗೆ ನಿಯಮ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊಸದಾಗಿ ಬರೆಯಿತು. ಬ್ಯಾಂಕಲ್ಲದ ಅಗ್ರಿಗೇಟರ್ ಅನುಮತಿ ಪಡೆಯಲೇಬೇಕು. ಅರ್ಜಿ ಹಾಕುವಾಗ 15 ಕೋಟಿ, ಅನುಮತಿ ಸಿಕ್ಕ ಮೂರನೇ ಆರ್ಥಿಕ ವರ್ಷದ ಕೊನೆಗೆ 25 ಕೋಟಿ ರೂಪಾಯಿ ನಿವ್ವಳ ಆಸ್ತಿ ಇರಬೇಕು. ವ್ಯಾಪಾರಿಗಳ ಹಣವನ್ನು ತನ್ನ ಸ್ವಂತ ಹಣದ ಜೊತೆ ಬೆರೆಸದೆ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕು. ವಿದೇಶದ ವಹಿವಾಟಿನ ಹಣಕ್ಕೆ ಬೇರೆ ಖಾತೆ. ಅಗ್ರಿಗೇಟರ್ ಆ ಹಣವನ್ನು ತನ್ನ ಖರ್ಚಿಗೆ ಬಳಸದಂತೆ ಈ ನಿಯಮಗಳು ಕಾಯುತ್ತವೆ. ಚಾರ್ಜ್‌ಬ್ಯಾಕ್‌ನಿಂದ ವ್ಯಾಪಾರಿಯನ್ನು ಕಾಯುವುದು ಅವುಗಳ ಕೆಲಸವಲ್ಲ. ಅಕ್ಕ ಇವೆರಡನ್ನೂ ಒಂದೇ ಎಂದು ತಿಳಿದಿದ್ದರು. ಅನೇಕರು ಹಾಗೇ ತಿಳಿದಿರುತ್ತಾರೆ.

ಇನ್ನು ಹಣ ಹೋದ ದಾರಿ. ಅಮೆರಿಕದಲ್ಲಿ ಯಾರದೋ ಕಾರ್ಡಿನ ಸಂಖ್ಯೆ ಕಳ್ಳರ ಪಾಲಾಗಿತ್ತು. ಆ ಕಾರ್ಡಿನ ನಿಜವಾದ ಒಡೆಯ ತನ್ನ ತಿಂಗಳ ಲೆಕ್ಕ ನೋಡುವಾಗ, ಇದು ನಾನು ಮಾಡಿದ ಖರೀದಿಯಲ್ಲ ಎಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೇಳಿದ. ಆ ಬ್ಯಾಂಕು ಅವನ ಹಣ ಅವನಿಗೆ ಜಮಾ ಮಾಡಿ, ಅದನ್ನು ಕಾರ್ಡ್ ಜಾಲದ ಮೂಲಕ ಇಲ್ಲಿನ ಬ್ಯಾಂಕಿನಿಂದ ಕಿತ್ತುಕೊಂಡಿತು. ಇಲ್ಲಿನ ಬ್ಯಾಂಕು ಅಗ್ರಿಗೇಟರ್‌ನಿಂದ, ಅಗ್ರಿಗೇಟರ್ ಅಕ್ಕನಿಂದ. ಪ್ರತಿ ಮೆಟ್ಟಿಲಲ್ಲೂ ಮೇಲಿನವನು ಕೆಳಗಿನವನ ಕಡೆ ಕೈ ತೋರಿಸಲು ಒಪ್ಪಂದದ ಕಾಗದ ಇದೆ. ಅಕ್ಕನ ಕೆಳಗೆ ಮಾತ್ರ ಯಾರೂ ಇಲ್ಲ.

ಈ ಮೆಟ್ಟಿಲಿನಲ್ಲಿ ನಷ್ಟ ಅರ್ಧದಾರಿಯಲ್ಲಿ ನಿಲ್ಲುವುದೂ ಉಂಟು. ವ್ಯಾಪಾರಿ ಅಂಗಡಿ ಮುಚ್ಚಿ ಕಾಣೆಯಾದರೆ ಅಗ್ರಿಗೇಟರ್ ಹೊರಬೇಕು, ಅಗ್ರಿಗೇಟರೇ ಮುಳುಗಿದರೆ ಬ್ಯಾಂಕು ಹೊರಬೇಕು. ಮೊದಲೇ ಹಣ ಪಡೆದು ತಿಂಗಳುಗಟ್ಟಲೆ ಆಮೇಲೆ ಸೇವೆ ಕೊಡುವ ವ್ಯಾಪಾರಗಳಲ್ಲಿ ಈ ಅಪಾಯ ಬಹಳ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ವಿಮಾನಗಳು ನಿಂತುಹೋದಾಗ ಮುಂದಿನ ತಿಂಗಳುಗಳ ಟಿಕೆಟ್ಟಿನ ಹಣ ಕೊಟ್ಟವರು ಎಷ್ಟೋ ಮಂದಿ ಇದ್ದರು. ಅಂಥ ಸಂದರ್ಭದಲ್ಲಿ ಕಾರ್ಡಿನವರು ತಕರಾರು ಎತ್ತಿದರೆ ಹಣ ಕೊಡಬೇಕಾದ ವ್ಯಾಪಾರಿಯ ಕೈ ಖಾಲಿ ಇರುತ್ತದೆ, ಹೊರೆ ಮೇಲಿನ ಮೆಟ್ಟಿಲಿಗೆ ಏರುತ್ತದೆ. ಪ್ರವಾಸದ ಏಜೆಂಟರ ಹಣವನ್ನು ಅಗ್ರಿಗೇಟರ್‌ಗಳು ತಡೆದು ತಡೆದು ಕೊಡುವುದು, ಒಂದು ಪಾಲನ್ನು ಠೇವಣಿಯಂತೆ ಹಿಡಿದಿಡುವುದು ಇದೇ ಕಾರಣಕ್ಕೆ.

ಆದರೆ ಅಕ್ಕನ ಪ್ರಕರಣದಲ್ಲಿ ನಷ್ಟ ಅಕ್ಕನ ತನಕ ಇಳಿದದ್ದಕ್ಕೆ ಬೇರೆ ಕಾರಣವಿದೆ. ಅದು ಒಟಿಪಿ.

ನಮ್ಮ ದೇಶದ ಕಾರ್ಡಿನಿಂದ ಆನ್‌ಲೈನ್‌ನಲ್ಲಿ ಹಣ ಕೊಡುವಾಗ ಒಟಿಪಿ ಬರುವುದು ನಮಗೆ ರೂಢಿಯಾಗಿದೆ. 2009ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕ್ ಈ ಎರಡನೇ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಈ ಪರೀಕ್ಷೆ ನಡೆಸುವುದು ಅಂಗಡಿಯವನಲ್ಲ, ಕಾರ್ಡ್ ಕೊಟ್ಟ ಬ್ಯಾಂಕು. ಬ್ಯಾಂಕೇ ತನ್ನ ಗಿರಾಕಿಯನ್ನು ಗುರುತಿಸಿ ಸರಿ ಎಂದ ಮೇಲೆ, ಮುಂದೆ ಅದೇ ಬ್ಯಾಂಕು 'ಅವನು ನಮ್ಮ ಗಿರಾಕಿಯಲ್ಲ, ಕಳ್ಳ' ಎಂದು ಅಂಗಡಿಯವನಿಂದ ಹಣ ಕೇಳುವುದು ನ್ಯಾಯವಲ್ಲ. ಕಾರ್ಡ್ ಜಾಲಗಳ ನಿಯಮವೂ ಸಾಮಾನ್ಯವಾಗಿ ಇದನ್ನೇ ಹೇಳುತ್ತದೆ: ಪರೀಕ್ಷೆ ನಡೆದಿದ್ದರೆ ಕಳ್ಳತನದ ನಷ್ಟ ಕಾರ್ಡ್ ಕೊಟ್ಟ ಬ್ಯಾಂಕಿನದು, ನಡೆದಿಲ್ಲದಿದ್ದರೆ ವ್ಯಾಪಾರಿಯದು. ಅಮೆರಿಕದಲ್ಲಿ ಈ ಪರೀಕ್ಷೆ ಕಡ್ಡಾಯವಲ್ಲ. ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರು ಅಂಕಿ, ಇಷ್ಟಿದ್ದರೆ ಎಷ್ಟೋ ಸಲ ಹಣ ಬಂದುಬಿಡುತ್ತದೆ. ಬಾಗಲಕೋಟೆಯ ಗಿರಾಕಿಯಿಂದ ಬಂದ 48,000ವೂ ಅಲ್ಲಿಂದ ಬಂದ 48,000ವೂ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಹಸಿರು ಬಣ್ಣದಲ್ಲಿ ಕಂಡರೂ, ಮೊದಲನೆಯದರ ಹಿಂದೆ ಬ್ಯಾಂಕಿನ ಹೊಣೆ ಇದೆ, ಎರಡನೆಯದರ ಹಿಂದೆ ಇಲ್ಲ.

ಈ ವ್ಯತ್ಯಾಸವನ್ನು ಪತ್ತೆ ಮಾಡಲು ಒಂದು ಗುರುತು ಇದೆ. ವಹಿವಾಟಿನ ಪೂರ್ತಿ ವಿವರದಲ್ಲಿ ECI ಎಂಬ ಎರಡಂಕಿಯ ಸಂಕೇತ ಇರುತ್ತದೆ. ವೀಸಾ ಕಾರ್ಡಿನಲ್ಲಿ ಅದು 05 ಇದ್ದರೆ ಪರೀಕ್ಷೆ ಪೂರ್ತಿ ನಡೆದಿದೆ ಎಂದರ್ಥ. 07 ಇದ್ದರೆ ನಡೆದೇ ಇಲ್ಲ. ಮಾಸ್ಟರ್‌ಕಾರ್ಡಿನಲ್ಲಿ ಅಂಕಿಗಳು ಬೇರೆ, ಅಲ್ಲಿ ಪೂರ್ತಿ ಪರೀಕ್ಷೆಗೆ 02. ಕೆಲವು ಅಗ್ರಿಗೇಟರ್‌ಗಳ ಡ್ಯಾಶ್‌ಬೋರ್ಡಿನಲ್ಲಿ ಇದು ನೇರವಾಗಿ ಕಾಣುತ್ತದೆ, ಕೆಲವರ ಬಳಿ ಮೇಲ್ ಬರೆದು ಕೇಳಬೇಕು. ನಾವು ಕೇಳಿದೆವು. ಅಕ್ಕನ ಆ ಆರ್ಡರಿನ ಸಂಕೇತ 07 ಆಗಿತ್ತು. ಈ ಎರಡು ಅಂಕಿ ಜನವರಿ 10ರಂದೇ ಅಲ್ಲಿತ್ತು, ನೋಡಬೇಕೆಂದು ನಮಗೆ ಗೊತ್ತಿರಲಿಲ್ಲ ಅಷ್ಟೆ.

ಚಾರ್ಜ್‌ಬ್ಯಾಕ್‌ನ ನೋಟಿಸಿನಲ್ಲಿ ಉತ್ತರ ಕೊಡಲು ಏಳು ದಿನ ಸಮಯ ಇತ್ತು. ನಾವು ಅಲ್ಲಿ ಇನ್ನೊಂದು ತಪ್ಪು ಮಾಡಿದೆವು. ಕೊರಿಯರ್ ರಸೀದಿ, ತಲುಪಿದ ದಿನಾಂಕ, ಸಹಿಯ ಪ್ರತಿ, ಬಿಲ್ಲು, ಪ್ಯಾಕ್ ಮಾಡುವಾಗ ತೆಗೆದ ಫೋಟೋ, ಎಲ್ಲವನ್ನೂ ಜೋಡಿಸಿ ಕಳಿಸಿದೆವು. ಇಷ್ಟು ಗಟ್ಟಿ ಪುರಾವೆ ಇದ್ದಮೇಲೆ ಗೆದ್ದೇ ಗೆಲ್ಲುತ್ತೇವೆ ಎಂಬ ನಂಬಿಕೆ. ಮೂರು ವಾರದ ಮೇಲೆ ಒಂದು ಸಾಲಿನ ಉತ್ತರ ಬಂತು: ತಕರಾರು ಗಿರಾಕಿಯ ಪರ ತೀರ್ಮಾನವಾಗಿದೆ.

ನೋಟಿಸಿನಲ್ಲಿ 10.4 ಎಂದು ಬರೆದಿತ್ತು. ಪ್ರತಿ ಚಾರ್ಜ್‌ಬ್ಯಾಕ್‌ಗೂ ಕಾರಣದ ಸಂಖ್ಯೆ ಒಂದಿರುತ್ತದೆ. ವೀಸಾದಲ್ಲಿ 10.4 ಎಂದರೆ, ಕಾರ್ಡು ಎದುರಿಗಿಲ್ಲದೆ ನಡೆದ ವಹಿವಾಟು, ಕಾರ್ಡಿನ ಒಡೆಯ ಮಾಡಿದ್ದಲ್ಲ. 13.1 ಎಂದರೆ ಮಾಲು ಬಂದಿಲ್ಲ. 13.3 ಎಂದರೆ ಹೇಳಿದಂಥ ಮಾಲಲ್ಲ. ನಮ್ಮ ಪುರಾವೆಯೆಲ್ಲ 13.1ಕ್ಕೆ ಉತ್ತರವಾಗಿತ್ತು. ಮಾಲು ತಲುಪಿದೆ ಎಂದು ನಾವು ಸಾಧಿಸಿದೆವು, ಆದರೆ ತಲುಪಿಲ್ಲ ಎಂದು ಯಾರೂ ಹೇಳಿರಲೇ ಇಲ್ಲ. ಮಾಲು ಕಳ್ಳನಿಗೆ ತಲುಪಿದೆ, ನನಗಲ್ಲ ಎಂಬುದು ಕಾರ್ಡಿನ ಒಡೆಯನ ಮಾತು. ಅದಕ್ಕೆ ಎದುರಾಗಿ ನಾವು ತೋರಿಸಬೇಕಾದದ್ದು, ಕೊಂಡವನು ಅವನೇ ಎಂಬುದನ್ನು. ಅದೇ ಕಾರ್ಡಿನಿಂದ, ಅದೇ ಕಂಪ್ಯೂಟರಿನಿಂದ ಅಥವಾ ಅದೇ ವಿಳಾಸಕ್ಕೆ ಹಿಂದೆಯೂ ತಕರಾರಿಲ್ಲದೆ ಖರೀದಿ ನಡೆದಿದೆ ಎಂಬಂಥ ದಾಖಲೆ ಇದ್ದರೆ ವೀಸಾ ಒಪ್ಪುವ ಸಾಧ್ಯತೆ ಉಂಟು. ಮೊದಲ ಸಲ ಬಂದ ಗಿರಾಕಿಯ ವಿಷಯದಲ್ಲಿ ಅಂಥದ್ದು ಎಲ್ಲಿಂದ ತರುವುದು?

ಇದರರ್ಥ ಕೊರಿಯರ್ ರಸೀದಿ ನಿರರ್ಥಕ ಅಂತಲ್ಲ. ಹಿಂದಿನ ವರ್ಷ ಇನ್ನೊಬ್ಬ ಗಿರಾಕಿ ಪಾರ್ಸಲ್ ಪಡೆದೂ ಬಂದಿಲ್ಲ ಎಂದು ತಕರಾರು ಎತ್ತಿದಾಗ ಇದೇ ಸಹಿಯ ಪ್ರತಿಯಿಂದ ಅಕ್ಕ ಗೆದ್ದಿದ್ದರು. 13.3ರ ಮಾತು ಬಂದರೆ ಜಾಹೀರಾತಿನ ಪದಗಳೇ ಸಾಕ್ಷಿ. ಮಗ್ಗದ ಸೀರೆಗೂ ವಿದ್ಯುತ್ ಮಗ್ಗದ ಸೀರೆಗೂ, ರೇಷ್ಮೆಗೂ ಆರ್ಟ್ ಸಿಲ್ಕಿಗೂ ನಮ್ಮ ಊರಿನ ಬಾಯಿಮಾತಿನಲ್ಲಿ ಗೆರೆ ತೆಳುವಾಗಿದೆ. ಆರ್ಟ್ ಸಿಲ್ಕ್ ಸೀರೆಯ ಕೆಳಗೆ ಬರಿಯ ರೇಷ್ಮೆ ಎಂದು ಬರೆದಿದ್ದರೆ ಆ ತಕರಾರಿನಲ್ಲಿ ವ್ಯಾಪಾರಿ ಸೋಲುತ್ತಾನೆ, ಸೋಲಬೇಕಾದದ್ದೂ ಸರಿ.

ಈಗ ಲೆಕ್ಕ. ಅಗ್ರಿಗೇಟರ್ ವಿದೇಶಿ ಕಾರ್ಡಿಗೆ ಶೇ 3ರಂತೆ 1,440 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಎಂದು 259 ರೂಪಾಯಿ 20 ಪೈಸೆ ಮುರಿದುಕೊಂಡಿದ್ದ. ಅಕ್ಕನ ಕೈಗೆ ಬಂದದ್ದು 46,300 ರೂಪಾಯಿ 80 ಪೈಸೆ. ವಾಪಸ್ ಹೋದದ್ದು ಪೂರ್ತಿ 48,000. ಮುರಿದುಕೊಂಡ ಶುಲ್ಕ ಹಿಂದೆ ಬರಲಿಲ್ಲ. ತಕರಾರು ನಿಭಾಯಿಸಿದ್ದಕ್ಕೆ ಒಪ್ಪಂದದಂತೆ ಜಿಎಸ್‌ಟಿ ಸೇರಿ 590 ಬೇರೆ. ಇದನ್ನೇ ಅವರು ದಂಡ ಎಂದದ್ದು. ನೇಕಾರರಿಗೆ ಕೊಟ್ಟದ್ದು 36,000, ಕೊರಿಯರಿಗೆ 3,850. ಒಟ್ಟು ನಷ್ಟ 42,139 ರೂಪಾಯಿ. ಇಂಥ ಒಂದು ಆರ್ಡರಿನಲ್ಲಿ ಎಲ್ಲ ಸರಿಯಾಗಿ ನಡೆದಿದ್ದರೆ ಅವರಿಗೆ ಉಳಿಯುತ್ತಿದ್ದದ್ದು 6,450. ಈ ಒಂದು ಗುಂಡಿ ತುಂಬಲು ಅಷ್ಟೇ ದೊಡ್ಡ ಏಳು ಆರ್ಡರುಗಳ ಲಾಭ ಬೇಕು.

ಆ ಹಣವನ್ನು ಅವರು ಕಟ್ಟಬೇಕಾಗಿಯೂ ಬರಲಿಲ್ಲ, ಅದು ತಾನಾಗಿ ಕಡಿತವಾಯಿತು. ಅಗ್ರಿಗೇಟರ್ ಮುಂದಿನ ದಿನಗಳ ಮಾರಾಟದ ಹಣದಿಂದ ಮುರಿದುಕೊಳ್ಳುತ್ತಾ ಹೋದ. ಒಂಬತ್ತು ದಿನ ಅಕ್ಕನ ಖಾತೆಗೆ ಒಂದು ರೂಪಾಯಿ ಬರಲಿಲ್ಲ. ಆ ವಾರ ಮೂವರು ನೇಕಾರರ ಮಜೂರಿಗೆ ಅವರು ಸಂಘದಲ್ಲಿ ಸಾಲ ತೆಗೆದರು. ಕಾರ್ಡಿನ ಒಡೆಯನಿಗೆ ಹಣ ಸಿಕ್ಕಿದ್ದು ನ್ಯಾಯವೇ. ಅವನ ತಪ್ಪೇನೂ ಇಲ್ಲ. ಪರೀಕ್ಷೆ ನಡೆಸುವ ಶಕ್ತಿ ಇರುವ ಬ್ಯಾಂಕು ಅದನ್ನು ಬಿಟ್ಟು, ಪರೀಕ್ಷಿಸಲು ಏನೂ ಸಾಧನವಿಲ್ಲದ ಹೆಂಗಸಿನ ತಲೆಗೆ ಅದರ ಬೆಲೆ ಕಟ್ಟುವುದು ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ದೇಶದೊಳಗಿನ ಮೋಸದಲ್ಲಿ ಹೊರೆ ಬೀಳುವ ತಲೆಯೇ ಬೇರೆ. ಇಲ್ಲಿ ಒಟಿಪಿ ಇರುವುದರಿಂದ ಅಂಗಡಿಯವನು ಸಾಮಾನ್ಯವಾಗಿ ಉಳಿದುಕೊಳ್ಳುತ್ತಾನೆ, ಜಗ್ಗಾಟ ಬ್ಯಾಂಕಿಗೂ ಗಿರಾಕಿಗೂ ನಡುವೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ಗಿರಾಕಿಯದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನದೊಳಗಾದರೆ ನಷ್ಟಕ್ಕೆ ಮಿತಿ ಇದೆ. ಸಾಮಾನ್ಯ ಉಳಿತಾಯ ಖಾತೆಗೆ ಆ ಮಿತಿ 10,000 ರೂಪಾಯಿ. ಆದರೆ ಗಿರಾಕಿ ತಾನೇ ಒಟಿಪಿ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟವೆಲ್ಲ ಅವನದೇ, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ಮೋಸ ಗೊತ್ತಾದ ಕೂಡಲೇ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಗಿರಾಕಿಯ ತಪ್ಪೆಂದು ಸಾಧಿಸುವ ಹೊಣೆ ಬ್ಯಾಂಕಿನದೇ ಎಂದೂ ಆ ಸುತ್ತೋಲೆಯಲ್ಲಿದೆ. ದೂರು ಕೊಡಲು ಹೋದವರಿಗೆ ಈ ಸಾಲನ್ನು ಯಾರೂ ಓದಿ ಹೇಳುವುದಿಲ್ಲ.

ಹಣ ಕಡಿತವಾಗಿ ಆರ್ಡರ್ ಆಗದೆ ಉಳಿಯುವುದು ಮೋಸವಲ್ಲ, ಅಲ್ಲಿ ಮಾತು ನಡುವೆ ತುಂಡಾಗಿರುತ್ತದೆ. ಗಿರಾಕಿಯ ಬ್ಯಾಂಕು ಹಣ ತೆಗೆದಿರುತ್ತದೆ, 'ತೆಗೆದೆ' ಎಂಬ ಉತ್ತರ ಅಂಗಡಿಯ ಕಂಪ್ಯೂಟರಿಗೆ ತಲುಪಿರುವುದಿಲ್ಲ. ಕಾರ್ಡಿನಿಂದಾಗಲಿ, ಅಂಗಡಿಗೆ ಯುಪಿಐ ಮೂಲಕವಾಗಲಿ ಹೀಗಾದರೆ ಐದು ದಿನದೊಳಗೆ ಹಣ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗಿರಾಕಿ ದೂರು ಕೊಡದಿದ್ದರೂ ಕೊಡಬೇಕು. ಇದು 2019ರ ಸೆಪ್ಟೆಂಬರ್‌ನಲ್ಲಿ ಹೊರಟ ನಿಯಮ. ಇಲ್ಲಿ ವ್ಯಾಪಾರಿ ಒಂದು ಮಾತು ನೆನಪಿಡಬೇಕು. ಗಿರಾಕಿ ತನ್ನ ಮೊಬೈಲಿನಲ್ಲಿ ಹಣ ಕಡಿತವಾದ ಸಂದೇಶ ತೋರಿಸುತ್ತಾನೆ, ಅದು ಸುಳ್ಳಲ್ಲದೆಯೂ ಇರಬಹುದು. ಅದನ್ನು ನಂಬಿ ಮಾಲು ಕೊಟ್ಟರೆ, ನಾಲ್ಕನೇ ದಿನ ಆ ಹಣ ಅವನ ಖಾತೆಗೇ ಹಿಂತಿರುಗುತ್ತದೆ. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಕಾಣದ ಹಣ ನಮಗೆ ಬಂದಿಲ್ಲ.

ಸೋತ ಮೇಲೆ ಅಕ್ಕನೂ ನಾನೂ ಆ ಜನವರಿಯ ಆರ್ಡರನ್ನು ಮತ್ತೆ ಬಿಡಿಸಿ ನೋಡಿದೆವು. ಗುರುತುಗಳು ಒಂದೊಂದಾಗಿ ಕಂಡವು. ಹನ್ನೊಂದು ನಿಮಿಷದಲ್ಲಿ ಮೂರು ಬೇರೆ ಬೇರೆ ಕಾರ್ಡುಗಳು ತಿರಸ್ಕೃತವಾಗಿ, ನಾಲ್ಕನೆಯದು ನಡೆದಿತ್ತು. ಕಾರ್ಡು ಅಮೆರಿಕದ್ದು, ಆರ್ಡರ್ ಬಂದ ಕಂಪ್ಯೂಟರಿನ ವಿಳಾಸ ಬೇರೊಂದು ದೇಶದ್ದು. ಪಾರ್ಸಲ್ ಹೋದದ್ದು ಮನೆಗಲ್ಲ, ಬಂದ ಮಾಲನ್ನು ಮತ್ತೆಲ್ಲಿಗೋ ರವಾನಿಸುವ ಗೋದಾಮಿಗೆ. ಬೇಗ ಕಳಿಸಿ ಎಂದು ಎರಡು ಸಲ ಮೇಲ್ ಬಂದಿತ್ತು. ಇವುಗಳಲ್ಲಿ ಒಂದೊಂದೇ ಇದ್ದರೆ ಅನುಮಾನಕ್ಕೆ ಕಾರಣವಲ್ಲ. ದೂರದ ಊರಿನಲ್ಲಿರುವ ಮಗ ತಾಯಿಗೆ ಸೀರೆ ಕಳಿಸುವಾಗಲೂ ವಿಳಾಸಗಳು ಹೊಂದುವುದಿಲ್ಲ. ನಾಲ್ಕೂ ಒಟ್ಟಿಗೆ ಬಂದರೆ ಸುಮ್ಮನಿರಬಾರದು.

ಐದನೆಯ ಗುರುತನ್ನು ಕಂಡುಹಿಡಿದವರು ಅಕ್ಕನೇ. ಅದು ಯಾವ ಕಂಪ್ಯೂಟರಿನಲ್ಲೂ ಇಲ್ಲ. "ಸರ, ಐದು ರೇಷ್ಮಿ ಸೀರಿ ತಗೊಂಡಾಂವ ಸೆರಗಿಂದ ಒಂದ್ ಮಾತೂ ಕೇಳ್ಲಿಲ್ರೀ!" ಇಳಕಲ್ ಸೀರೆ ಕೊಳ್ಳುವವರು ಸೆರಗು ಕೇಳದೆ ಕೊಳ್ಳುವುದಿಲ್ಲ. ತೋಪು ತೆನಿ ಸೆರಗು ಬೇಕೆನ್ನುತ್ತಾರೆ, ದಡಿ ಗೋಮಿಯೋ ಗಾಡಿಯೋ ಎಂದು ಕೇಳುತ್ತಾರೆ, ಬಣ್ಣ ಬಿಸಿಲಲ್ಲಿ ತೋರಿಸಿ ಎನ್ನುತ್ತಾರೆ. ಆ ಗಿರಾಕಿ ಪಟ್ಟಿಯಲ್ಲಿದ್ದ ಅತಿ ದುಬಾರಿ ಐದನ್ನು ಮೇಲಿಂದ ಕೆಳಕ್ಕೆ ಒತ್ತಿದ್ದ.

ಈಗ ಅವರು ಕ್ರಮ ಬದಲಿಸಿದ್ದಾರೆ. ವಿದೇಶಿ ಕಾರ್ಡಿನಲ್ಲಿ ಪರೀಕ್ಷೆ ನಡೆದದ್ದನ್ನು ಮಾತ್ರ ಸ್ವೀಕರಿಸುವಂತೆ ಅಗ್ರಿಗೇಟರ್‌ಗೆ ಕೇಳಬಹುದು, ಆದರೆ ಹಾಗೆ ಮಾಡಿದ ತಿಂಗಳು ಅಮೆರಿಕದ ಒಳ್ಳೆಯ ಗಿರಾಕಿಗಳ ಹಣವೂ ತಿರಸ್ಕೃತವಾಯಿತು. ಅದನ್ನು ಕೈಬಿಟ್ಟರು. ಬದಲಿಗೆ 15,000ಕ್ಕೆ ಮೇಲ್ಪಟ್ಟ ವಿದೇಶಿ ಆರ್ಡರಿನಲ್ಲಿ 07 ಕಂಡರೆ ಅವರು ಪಾರ್ಸಲ್ ಕಟ್ಟುವುದಿಲ್ಲ. ಮೊದಲು ಒಂದು ಮಾತು ಬರೆದು ಕೇಳುತ್ತಾರೆ. ಉತ್ತರ ಸರಿ ಕಾಣದಿದ್ದರೆ ತಾವೇ ರಿಫಂಡ್ ಮಾಡುತ್ತಾರೆ. ಹಾಗೆ ಮಾಡಿದರೆ ಶುಲ್ಕ ಮಾತ್ರ ಹೋಗುತ್ತದೆ, ಸೀರೆ ಮನೆಯಲ್ಲೇ ಉಳಿಯುತ್ತದೆ.

ಹೋದ ತಿಂಗಳು ಹ್ಯೂಸ್ಟನ್‌ನಿಂದ ಮೂರು ಸೀರೆಗೆ ಆರ್ಡರ್ ಬಂತು. ಸಂಕೇತ 07. ಸೆರಗು ಹೇಗಿರಲಿ ಎಂದು ಅಕ್ಕ ಬರೆದರು. ರಾತ್ರಿಯೇ ಉತ್ತರ ಬಂತು, ಜೊತೆಗೆ ಒಂದು ಹಳೆಯ ಫೋಟೋ: ಗುಳೇದಗುಡ್ಡದ ಖಣ ತೊಟ್ಟು ಇಳಕಲ್ ಸೀರೆ ಉಟ್ಟ ಅಜ್ಜಿ, ಇಂಥದ್ದೇ ಸೆರಗು ಬೇಕು ಎಂಬ ಒಕ್ಕಣೆ. ಅಕ್ಕ ಮರುದಿನ ಪಾರ್ಸಲ್ ಕಳಿಸಿದರು. ಕಾರ್ಡಿನ ಒಡೆಯ ತಕರಾರು ಎತ್ತಲು ವೀಸಾ ಕೊಡುವ ಅವಧಿ 120 ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಆ ನೂರಿಪ್ಪತ್ತನೆಯ ದಿನಕ್ಕೆ ಅವರು ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟಿದ್ದಾರೆ.